ಮೊದಲ ಮೂರು ಸಾಲು

ಕೇಳುಗರಿಗೆ ನಮಸ್ಕಾರ. ಯುವಕ ಸಂಘದವರು, ಸ್ತ್ರೀಶಕ್ತಿ ಗುಂಪಿನವರು, ಶಾಲಾಭಿವೃದ್ಧಿ ಸಮಿತಿಯವರು, ಹಾಲಿನ ಡೇರಿಯ ಕಾರ್ಯದರ್ಶಿಗಳು, ಹೀಗೆ ಪತ್ರಿಕೆಗೆ ಇಮೇಲ್ ಕಳಿಸಿ, ನಾಳೆ ಬರುತ್ತೆ ನಾಡಿದ್ದು ಬರುತ್ತೆ ಅಂತ ಪುಟ ತಿರುವಿ ಬೇಸತ್ತವರು ಯಾರಿದ್ದೀರೋ, ಇವತ್ತಿನ ಮಾತು ನಿಮಗೆ. ನಾನು ಪತ್ರಿಕೆಯ ಡೆಸ್ಕಿನಲ್ಲಿ ಕೂತು ನಿಮ್ಮಂಥವರ ಪತ್ರ ಓದಿದವನು. ಹೇಳೋದು ಒಂದೇ ವಿಷಯ. ನಿಮ್ಮ ಮೇಲ್‌ನ ಮೊದಲ ಮೂರು ಸಾಲಿನಲ್ಲಿ ಮೂರು ಸಂಗತಿ ಇರಬೇಕು: ಏನಾಯ್ತು, ಈ ವರದಿಗಾರನಿಗೇ ಯಾಕೆ ಹೇಳ್ತಿದ್ದೀರಿ, ಈಗಲೇ ಯಾಕೆ. ನಾಲ್ಕನೇ ಸಾಲಿನಿಂದ ಬೇಕಾದ್ದು ಬರೆಯಿರಿ, ನಾನು ಅಡ್ಡ ಬರೋದಿಲ್ಲ.

ಮೊದಲ ಸಾಲಿಗೇ ಯಾಕೆ ಇಷ್ಟು ಜೋರು ಮಾಡ್ತೀನಿ ಅಂದರೆ, ವರದಿಗಾರ ಬೆಳಿಗ್ಗೆ ತನ್ನ ಮುಖ್ಯ ವರದಿಗಾರರಿಗೋ ಡೆಸ್ಕಿಗೋ ಇವತ್ತು ಏನು ಕೊಡ್ತೀನಿ ಅಂತ ಹೇಳಬೇಕು. ಫೋನಿನಲ್ಲಿ, ಒಂದೇ ವಾಕ್ಯದಲ್ಲಿ. ಆ ಕಡೆಯವರು "ಸರಿ, ಬರೀರಿ" ಅನ್ನಬೇಕು. ನಿಮ್ಮ ಮೊದಲ ಸಾಲನ್ನು ಅವನು ಹಾಗೇ ಎತ್ತಿ ಅಲ್ಲಿ ಒಪ್ಪಿಸುವಂತಿದ್ದರೆ ಅರ್ಧ ಕೆಲಸ ಮುಗಿಯಿತು. "ಮಾನ್ಯ ಸಂಪಾದಕರಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಅನ್ನೋದನ್ನು ಅವನು ಎಲ್ಲಿಗೆ ಒಪ್ಪಿಸಬೇಕು ಹೇಳಿ?

ಒಂದು ಪತ್ರದ ಕಥೆ ಹೇಳ್ತೀನಿ. ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ಕಡೆಯ ಒಂದು ಯುವಕ ಸಂಘ. ಊರ ಹಳೇ ಕಲ್ಯಾಣಿಯ ಹೂಳು ತೆಗೆದಿದ್ದರು. ಪತ್ರಿಕೆಗೆ ಮೇಲ್ ಬರೆದು, ಕಳಿಸೋ ಮೊದಲು ನೋಡಿಕೊಡಿ ಸಾರ್ ಅಂತ ನನಗೆ ಕೊಟ್ಟರು. ವಿಷಯ ಅನ್ನೋ ಜಾಗದಲ್ಲಿ "ಪ್ರಕಟಣೆಯ ಕೃಪೆಗಾಗಿ". ಯಾವ ದಿನ ನೋಡಿದರೂ ವರದಿಗಾರನಿಗೆ ಬಂದ ಮೇಲ್‌ಗಳಲ್ಲಿ ಅರ್ಧಕ್ಕರ್ಧ ಅದೇ ತಲೆಬರಹ ಹೊತ್ತು ಬಂದಿರುತ್ತವೆ. ಒಳಗೆ ಮೊದಲ ಪ್ಯಾರಾ, ಸಂಘ ಯಾವಾಗ ಸ್ಥಾಪನೆಯಾಯ್ತು, ಸಂಸ್ಥಾಪಕ ಅಧ್ಯಕ್ಷರು ಯಾರು. ಎರಡನೇ ಪ್ಯಾರಾ, ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಕಲ್ಯಾಣಿಯ ಲೋಕಾರ್ಪಣೆ, ದಿವ್ಯ ಸಾನ್ನಿಧ್ಯ ಇಂಥವರದು, ಉದ್ಘಾಟನೆ ಇಂಥವರದು, ಅಧ್ಯಕ್ಷತೆ ಇಂಥವರದು, ಮುಖ್ಯ ಅತಿಥಿಗಳು ಒಂದು ಗಾಡಿ ತುಂಬ. ಕೊನೆಯಲ್ಲಿ ಜಲವೇ ಜೀವನ.

ಮೇಲ್ ಬರೆದ ಸಂಘದ ಹುಡುಗನಿಗೆ ಫೋನ್ ಮಾಡಿದೆ. "ಏನಪ್ಪಾ, ಕಲ್ಯಾಣಿ ಹೂಳು ತೆಗೆದ್ರಿ, ಏನಾಯ್ತು?"

"ಭಾನುವಾರ ಉದ್ಘಾಟನೆ ಸಾರ್."

"ಅದಲ್ಲಯ್ಯಾ, ಊರಲ್ಲಿ ಏನು ಬದಲಾಯ್ತು?"

"ಬದಲಾಗೋದು ಅಂಥದ್ದೇನಿಲ್ಲ ಸಾರ್. ಕೆಳಗಿನ ಬೀದಿಗೆ ಈ ಸಲ ಟ್ಯಾಂಕರ್ ಬಂದಿಲ್ಲ, ಅಷ್ಟೆ."

ಅಷ್ಟೆಯಂತೆ! ಏಪ್ರಿಲ್ ತಿಂಗಳಲ್ಲಿ, ಆ ಸೀಮೆಯಲ್ಲಿ, ಒಂದು ಬೀದಿಗೆ ನೀರಿನ ಟ್ಯಾಂಕರ್ ಬೇಕಾಗಲಿಲ್ಲ ಅನ್ನೋದೇ ಸುದ್ದಿ. ಅವರ ಪತ್ರದಲ್ಲಿ ಆ ಮಾತೇ ಇರಲಿಲ್ಲ. ಹೋದ ವರ್ಷ ಹೇಗಿತ್ತು ಅಂದೆ. ದಿನ ಬಿಟ್ಟು ದಿನ ಬರ್ತಿತ್ತು ಅಂದ. ಬರ್ತಿತ್ತು ಅನ್ನೋದಕ್ಕೆ ದಾಖಲೆ? ಪಂಚಾಯ್ತಿಯಲ್ಲಿ ಟ್ಯಾಂಕರ್ ಟ್ರಿಪ್ ಬರೆಯೋ ಪುಸ್ತಕ ಇದೆ ಅಂದ. ಆ ನೀರು ಕುಡೀತೀರಾ ಅಂದೆ. ಇಲ್ಲ, ಬಟ್ಟೆ ಪಾತ್ರೆಗೆ, ದನಕರುಗಳಿಗೆ. ಕುಡಿಯೋಕೆ ಶುದ್ಧ ನೀರಿನ ಘಟಕದಿಂದ ತರ್ತೀವಿ ಅಂದ. ಇದನ್ನೂ ಬರೆಯಲೇಬೇಕು. ಬಿಟ್ಟರೆ ವರದಿಗಾರ ಸ್ಥಳಕ್ಕೆ ಬಂದು ತಾನೇ ಕಂಡುಹಿಡೀತಾನೆ, ಆಮೇಲೆ ನಿಮ್ಮ ಉಳಿದ ಮಾತನ್ನೂ ನಂಬೋದಿಲ್ಲ.

ಇನ್ನು ಯಾರಿಗೆ ಕಳಿಸೋದು? ತಾಲ್ಲೂಕಿನ ಟ್ಯಾಂಕರ್ ಬಿಲ್‌ಗಳ ಬಗ್ಗೆ ಹಿಂದಿನ ವಾರವಷ್ಟೇ ಬರೆದ ಒಬ್ಬ ವರದಿಗಾರ ಇದ್ದ. ಬೇರೆ ಹುಡುಕೋದೇ ಬೇಡ. ಈಗಲೇ ಯಾಕೆ? ಮುಂದಿನ ಮಂಗಳವಾರ ತಾಲ್ಲೂಕಿನ ಕೆಡಿಪಿ ಸಭೆ, ಅಲ್ಲಿ ನೀರಿನದೇ ಚರ್ಚೆ. ಮೇಲ್ ಹೀಗೆ ತಿದ್ದಿದೆವು. ನಿಧಾನವಾಗಿ ಓದ್ತೀನಿ, ಪೆನ್ನಿದ್ದರೆ ಬರಕೊಳ್ಳಿ.

ವಿಷಯ: "ಈ ಬೇಸಿಗೆ ಟ್ಯಾಂಕರ್ ಬೇಡವಾದ ಬೀದಿ, ಚಿಕ್ಕನಾಯಕನಹಳ್ಳಿ ತಾಲ್ಲೂಕು."

ಒಳಗೆ: "ನಮಸ್ಕಾರ. ಹಳೇ ಕಲ್ಯಾಣಿಯ ಹೂಳು ತೆಗೆದ ಮೇಲೆ ನಮ್ಮೂರ ಕೆಳಗಿನ ಬೀದಿಯ 60 ಮನೆಗಳಿಗೆ ಈ ಬೇಸಿಗೆ ಟ್ಯಾಂಕರ್ ಬಂದಿಲ್ಲ; ಹೋದ ಏಪ್ರಿಲ್‌ನಲ್ಲಿ ದಿನ ಬಿಟ್ಟು ದಿನ ಬರುತ್ತಿತ್ತು. ಟ್ಯಾಂಕರ್ ಬಿಲ್ ಬಗ್ಗೆ ನೀವು ಕಳೆದ ವಾರ ಬರೆದ ವರದಿಯಲ್ಲಿ ನಮ್ಮ ಪಂಚಾಯ್ತಿಯ ಹೆಸರಿತ್ತು, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಮಂಗಳವಾರದ ಕೆಡಿಪಿ ಸಭೆಯಲ್ಲಿ ನೀರಿನ ವಿಷಯ ಬರಲಿದೆ; ಅದಕ್ಕೆ ಮೊದಲು ಯಾವ ದಿನ ಬಂದರೂ ಕಲ್ಯಾಣಿ ತೋರಿಸಿ, ಟ್ರಿಪ್ ಪುಸ್ತಕದ ಪ್ರತಿ ಕೊಡುತ್ತೇವೆ."

ಮುಗೀತು. ಏನಾಯ್ತು, ನಿಮಗೇ ಯಾಕೆ, ಈಗಲೇ ಯಾಕೆ. ನಾಲ್ಕನೇ ಸಾಲಿನಲ್ಲಿ ಈ ನೀರು ಬಳಕೆಗೆ ಮಾತ್ರ ಅಂತ ಬಂತು. ಉದ್ಘಾಟನೆಯ ಹೊತ್ತು ಕೊನೆಗೆ ಹೋಯ್ತು, ಸಂಘದ ಚರಿತ್ರೆ ಹೊರಗೇ ಹೋಯ್ತು. ಹುಡುಗ ಅಳುಕಿದ. "ಅಧ್ಯಕ್ಷರು ಬೇಜಾರು ಮಾಡ್ಕೋತಾರೆ ಸಾರ್." ಮಾಡ್ಕೊಳ್ಳಲಿ ಅಂದೆ. ಅತಿಥಿಗಳ ಹೆಸರು ಆಹ್ವಾನ ಪತ್ರಿಕೆಯಲ್ಲಿ ಇದ್ದೇ ಇದೆಯಲ್ಲ. ಹಳೇ ಮೇಲ್ ಹೋಗಿದ್ದರೆ ಹೆಚ್ಚೆಂದರೆ ಟೇಪ್ ಕತ್ತರಿಸೋ ಫೋಟೊ ಬರುತ್ತಿತ್ತು, ಕೆಳಗೆ ಎಡದಿಂದ ಬಲಕ್ಕೆ ಹೆಸರು. ಹೊಸ ಮೇಲ್ ಹೋಗಿದ್ದು ಬುಧವಾರ. ಶುಕ್ರವಾರ ವರದಿಗಾರ ಬಂದ, ಮೆಟ್ಟಿಲಿಳಿದು ನೀರು ನೋಡಿದ, ಬಿಂದಿಗೆ ಹಿಡಿದ ಹೆಂಗಸರನ್ನು ಮಾತಾಡಿಸಿದ, ಸೀದಾ ಪಂಚಾಯ್ತಿಗೆ ಹೋಗಿ ಪುಸ್ತಕ ಕೇಳಿದ. ಸೋಮವಾರ ಸುದ್ದಿ ಬಂತು. ಉದ್ಘಾಟನೆಗೆ ಅದರಲ್ಲಿ ಸಿಕ್ಕಿದ್ದು ಒಂದು ಸಾಲು.

ಇಲ್ಲಿ ಗಾಜಿನಾಚೆ ನಮ್ಮ ಕಾರ್ಯಕ್ರಮ ನಿರ್ವಾಹಕರು ಗಡಿಯಾರ ತೋರಿಸ್ತಿದ್ದಾರೆ. ಉಳಿದದ್ದನ್ನು ಓಡಿಸಿ ಹೇಳ್ತೀನಿ.

ಹೊತ್ತು. ಕಾರ್ಯಕ್ರಮದ ಹಿಂದಿನ ರಾತ್ರಿ ಎಂಟಕ್ಕೆ ಮೇಲ್ ಕಳಿಸಬೇಡಿ, ಆಗ ಪುಟ ಕಟ್ಟುತ್ತಿರುತ್ತಾರೆ. ನಾಲ್ಕೈದು ದಿನ ಮೊದಲು, ಬೆಳಿಗ್ಗೆ ಕಳಿಸಿ. ಪುರವಣಿಗೆ ಬೇಕಾದರೆ ಇನ್ನೂ ಮೊದಲು. ಅದರ ಪುಟಗಳು ತಯಾರಾಗೋದೇ ಮುಂಚೆ.

ಅಕ್ಷರ. ಲೆಟರ್‌ಹೆಡ್ ಮೇಲೆ ಅಚ್ಚು ಹಾಕಿ, ಸೀಲು ಒತ್ತಿ, ಸ್ಕ್ಯಾನ್ ಮಾಡಿ ಪಿಡಿಎಫ್ ಲಗತ್ತಿಸಿ, ಮೇಲ್‌ನ ಒಡಲು ಖಾಲಿ ಬಿಡ್ತೀರಲ್ಲ, ದಯವಿಟ್ಟು ಬಿಡಿ ಅದನ್ನ. ಅದರಿಂದ ನಕಲು ಮಾಡಿಕೊಳ್ಳೋಕೆ ಬರೋದಿಲ್ಲ, ಕೂತು ಮತ್ತೆ ಟೈಪ್ ಮಾಡಬೇಕು. ನುಡಿ, ಬರಹದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಯೂನಿಕೋಡ್‌ನಲ್ಲಿ, ಮೇಲ್‌ನ ಒಡಲಲ್ಲೇ ಬರೆಯಿರಿ. ಆ ಮೂರು ಸಾಲು ಮೊಬೈಲು ತೆರೆದ ಕೂಡಲೇ ಕಾಣಬೇಕು. ಅದನ್ನು ಲಗತ್ತಿನೊಳಗೆ ಬಚ್ಚಿಟ್ಟರೆ ಇಷ್ಟು ಹೊತ್ತು ನಾನು ಹೇಳಿದ್ದು ದಂಡ.

ವಿಳಾಸ. ಜಿಲ್ಲೆಯ ಎಲ್ಲ ವರದಿಗಾರರನ್ನೂ ಒಂದೇ ಮೇಲ್‌ನಲ್ಲಿ ಸಾಲಾಗಿ ನಿಲ್ಲಿಸಿ ಕಳಿಸಿದರೆ "ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ" ಅನ್ನೋ ಮಾತಿಗೆ ಬೆಲೆ ಇರೋದಿಲ್ಲ. ಒಬ್ಬರಿಗೆ ಬರೆಯಿರಿ. ಎರಡು ದಿನ ಬಿಟ್ಟು ಒಂದು ಸಲ ನೆನಪಿಸಿ. ಉತ್ತರ ಇಲ್ಲದಿದ್ದರೆ ಇನ್ನೊಬ್ಬರಿಗೆ, ಎರಡನೇ ಸಾಲನ್ನು ಅವರಿಗೆ ತಕ್ಕ ಹಾಗೆ ಹೊಸದಾಗಿ ಬರೆದು.

ಕಳಿಸೋ ಮೊದಲು ನಿಮ್ಮ ಸಂಘಕ್ಕೆ ಸಂಬಂಧವೇ ಇಲ್ಲದ ಒಬ್ಬರಿಗೆ ಮೂರೇ ಸಾಲು ಓದಿ ಹೇಳಿ, ನಿಲ್ಲಿಸಿ. ಏನಾಯ್ತಂತೆ, ಈಗ ಯಾಕಂತೆ ಅಂತ ಕೇಳಿ. ಅವರು "ಏನೋ ಕಾರ್ಯಕ್ರಮ ಇದೆಯಂತೆ" ಅಂದರೆ ಮತ್ತೆ ಬರೆಯಿರಿ.

ಕೆಳಗೆ ಒಂದು ಮೊಬೈಲ್ ನಂಬರ್ ಹಾಕಿ. ಹಾಕಿದ ಮೇಲೆ ದಯವಿಟ್ಟು ಫೋನ್ ಎತ್ತಿ, ಸ್ವಾಮಿ. ನಮಸ್ಕಾರ.