ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಯ್ತು, ನೋಟ್ಸ್ ಯಾಕೆ ತಲೆಗೆ ಹೋಗಲಿಲ್ಲ?

[ತೆರೆಯ ಮೇಲೆ: ಪುಟದ ತುಂಬ ಹಳದಿ ಹೈಲೈಟರ್ ಬಳಿದ ಒಂದು ನೋಟ್‌ಬುಕ್]

ನಮಸ್ಕಾರ. ಈ ನೋಟ್‌ಬುಕ್ ನಮ್ಮ ಚಿಕ್ಕಮ್ಮನ ಮಗಳದ್ದು. ಫಸ್ಟ್ ಪಿಯುಸಿ, ಕಾಮರ್ಸ್. ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಮೊನ್ನೆ ಫೋನ್ ಮಾಡಿ, "ಅಣ್ಣ, ಟ್ರಯಲ್ ಬ್ಯಾಲೆನ್ಸ್ ಚಾಪ್ಟರ್ ಮೂರು ಸಲ ಬರೆದೆ. ಟೆಸ್ಟಲ್ಲಿ ಒಂದೂ ನೆನಪಾಗಲಿಲ್ಲ" ಅಂದಳು. ತಂದು ನೋಡಿದೆ. ಟೆಕ್ಸ್ಟ್‌ಬುಕ್ಕಿನಲ್ಲಿ ಏನಿದೆಯೋ ಅದೇ ಇಲ್ಲೂ ಇದೆ, ಇಂಕಿನ ಬಣ್ಣ ಮಾತ್ರ ಬೇರೆ. ಇದು ನೋಟ್ಸ್ ಅಲ್ಲ, ಜೆರಾಕ್ಸ್. ಕೈನೋವು ಮಾತ್ರ ಎಕ್ಸ್‌ಟ್ರಾ.

ಹಾಗಾಗಿ ಆ ಒಂದೇ ಚಾಪ್ಟರಿನ ಒಂದು ತುಂಡನ್ನು ಇವತ್ತು ಕಾರ್ನೆಲ್ ಪುಟಕ್ಕೆ ತಿರುಗಿಸೋಣ. ಪುಟವನ್ನು ಮೂರು ಭಾಗ ಮಾಡಿ ನೋಟ್ಸ್ ಬರೆಯುವ ವಿಧಾನ ಇದು. 1950ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ವಾಲ್ಟರ್ ಪಾಕ್ ಅನ್ನುವವರು ಇದನ್ನು ರೂಪಿಸಿದರು. ಮೈಸೂರು ಪಾಕಿಗೂ ಇವರಿಗೂ ಸಂಬಂಧ ಇಲ್ಲ.

[ತೆರೆಯ ಮೇಲೆ: ಖಾಲಿ ಎ4 ಹಾಳೆ, ಸ್ಕೇಲು, ಪೆನ್ಸಿಲ್]

ಗೆರೆ ಬೇಗ ಹಾಕಿಬಿಡೋಣ. ಎ4 ಹಾಳೆಯ ಅಗಲ 21 ಸೆಂಟಿಮೀಟರ್. ಕೆಳಗೆ 5 ಸೆಂಟಿಮೀಟರ್ ಬಿಟ್ಟು ಒಂದು ಅಡ್ಡಗೆರೆ. ಅದರ ಮೇಲೆ, ಎಡಗಡೆಯಿಂದ 6 ಸೆಂಟಿಮೀಟರಿಗೆ ಒಂದು ಉದ್ದಗೆರೆ. ಬಲಕ್ಕೆ 15 ಉಳಿಯುತ್ತದೆ. ಬಲಗಡೆ ನೋಟ್ಸ್, ಎಡಗಡೆ ಕ್ಯೂ ಅಂದರೆ ನೋಟ್ಸ್ ನೆನಪಿಸುವ ಪ್ರಶ್ನೆ, ಕೆಳಗೆ ಸಾರಾಂಶ. ನೋಟ್‌ಬುಕ್ಕಿನಲ್ಲಿ ಮೊದಲೇ ಇರುವ ಮಾರ್ಜಿನ್ ಸಾಕಲ್ವಾ ಅಂದರೆ, ಸಾಲಲ್ಲ. ಅಲ್ಲಿ ಎರಡು ಪದ ಹಿಡಿಸಬಹುದು, ಒಂದು ಪ್ರಶ್ನೆ ಹಿಡಿಸಲ್ಲ.

ಮೊದಲು ಬಲಗಡೆ. ಪಾಕ್ ಇದನ್ನು ಮುಖ್ಯವಾಗಿ ಕ್ಲಾಸಿನಲ್ಲಿ ಪಾಠ ಕೇಳುತ್ತಾ ಬರೆಯುವುದಕ್ಕೆ ಮಾಡಿದ್ದು. ಮೇಷ್ಟ್ರು ಓಡುತ್ತಿರುತ್ತಾರೆ, ಹಾಗಾಗಿ ನಾವು ತಾನಾಗಿಯೇ ಚುಟುಕಾಗಿ ಬರೆಯುತ್ತೇವೆ. ಟೆಕ್ಸ್ಟ್‌ಬುಕ್ ಎಲ್ಲೂ ಓಡಿಹೋಗಲ್ಲ. ಅದಕ್ಕೇ ಸಾಲಿಗೆ ಸಾಲು ಇಳಿಸುತ್ತಾ ಕೂರುತ್ತೇವೆ. ಇದಕ್ಕೊಂದು ಉಪಾಯ: ಒಂದು ಉಪಶೀರ್ಷಿಕೆ ಪೂರ್ತಿ ಓದಿ, ಪುಸ್ತಕ ಮುಚ್ಚಿ, ಆಮೇಲೆ ಬರೆಯಿರಿ. ತೆರೆದು ನೋಡಿ, ತಪ್ಪಿದ್ದನ್ನು ಬೇರೆ ಇಂಕಿನಲ್ಲಿ ತಿದ್ದಿ.

ಈಗ ನಮ್ಮ ತುಂಡು. ಟೆಕ್ಸ್ಟ್‌ಬುಕ್ಕಿನಲ್ಲಿ ತಪ್ಪುಗಳು ನಾಲ್ಕು ಥರ ಅಂತ ಇರುತ್ತದೆ: ಎರರ್ ಆಫ್ ಒಮಿಷನ್, ಕಮಿಷನ್, ಪ್ರಿನ್ಸಿಪಲ್, ಕಾಂಪೆನ್ಸೇಟಿಂಗ್. ತಂಗಿ ನಾಲ್ಕು ವ್ಯಾಖ್ಯೆಯನ್ನೂ ಬರೆದಿದ್ದಳು. ನಾನು ಕೇಳಿದೆ, "ಇದರಲ್ಲಿ ಟ್ರಯಲ್ ಬ್ಯಾಲೆನ್ಸಿಗೆ ಸಿಕ್ಕಿಬೀಳೋದು ಯಾವುದು?" ಸುಮ್ನೆ ಕೂತಳು. ಎಲ್ಲಾ ಇತ್ತು, ಬೇಕಾದ್ದೇ ಇರಲಿಲ್ಲ. ಆಮೇಲೆ ಕೂತು ಹೀಗೆ ಬರೆಸಿದೆ.

[ತೆರೆಯ ಮೇಲೆ: ಬಲಗಡೆಯ ಕಾಲಂ, ಒಂದೊಂದೇ ಸಾಲು ಮೂಡುತ್ತದೆ]

ಟ್ರಯಲ್ ಬ್ಯಾಲೆನ್ಸ್ ನೋಡುವುದು ಒಂದೇ: ಒಟ್ಟು ಡೆಬಿಟ್, ಒಟ್ಟು ಕ್ರೆಡಿಟ್ ಸಮ ಇದೆಯಾ?

₹5,000 ಸರಕು ಸಾಲಕ್ಕೆ ತಂದದ್ದು ಎಲ್ಲೂ ಬರೆದೇ ಇಲ್ಲ → ಎರಡೂ ಕಡೆ 5,000 ಕಮ್ಮಿ → ಟ್ಯಾಲಿ ಆಗುತ್ತದೆ.

ಅದೇ ₹5,000 ಪರ್ಚೇಸ್ ಬುಕ್ಕಿನಲ್ಲಿದೆ, ಆದರೆ ಸರಕು ಕೊಟ್ಟವರ ಖಾತೆಗೆ ಹಾಕಿಲ್ಲ → ಕ್ರೆಡಿಟ್ ಮಾತ್ರ ಕಮ್ಮಿ → ಟ್ಯಾಲಿ ಆಗಲ್ಲ.

ಅಂಗಡಿಗೆ ಕೊಂಡ ₹8,000 ಫರ್ನಿಚರನ್ನು ಪರ್ಚೇಸ್ ಖಾತೆಗೆ ಡೆಬಿಟ್ → ಕಡೆ ಸರಿ, ಖಾತೆ ತಪ್ಪು → ಟ್ಯಾಲಿ ಆಗುತ್ತದೆ.

ನೋಡಿ, ಮೊದಲ ಎರಡಕ್ಕೂ ಒಮಿಷನ್ ಅಂತಲೇ ಹೆಸರು. ಒಂದು ಸಿಗಲ್ಲ, ಇನ್ನೊಂದು ಸಿಗುತ್ತದೆ. ಹೆಸರು ಬಾಯಿಪಾಠ ಮಾಡಿದವರು ಎಡವುವುದು ಸರಿಯಾಗಿ ಇಲ್ಲೇ.

ಈಗ ಎಡಗಡೆ. ನನಗೆ ಈ ಇಡೀ ಪುಟದಲ್ಲಿ ಇಷ್ಟವಾದ ಜಾಗ ಈ 6 ಸೆಂಟಿಮೀಟರ್. ನೋಟ್ಸ್ ಬರೆಯುವಾಗ ಇದು ಖಾಲಿ ಇರಬೇಕು. ಪೂರ್ತಿ ಖಾಲಿ. ಬರೆದು ಮುಗಿಸಿ, ನೋಟ್ಸ್ ಓದಿ, ಆಮೇಲೆ ತುಂಬಬೇಕು. ಜಾಸ್ತಿ ಜನ ಇಲ್ಲಿ ಹೆಡ್ಡಿಂಗ್ ಬರೆದುಬಿಡುತ್ತಾರೆ: "ತಪ್ಪುಗಳ ವಿಧಗಳು". ಅದು ಏನನ್ನೂ ಕೇಳುವುದೇ ಇಲ್ಲ!

ಕ್ಯೂ ಅಂದರೆ ಒಗಟು. ನಮ್ಮಜ್ಜಿ ಕೇಳುತ್ತಿದ್ದರು: ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ, ಏನದು? ಮಲ್ಲಿಗೆ. ಅದೇ ಅಜ್ಜಿ "ಬಿಳಿ ಹೂವು ಯಾವುದು?" ಅಂತ ಕೇಳಿದ್ದರೆ ಸುಗಂಧರಾಜ, ನಂದಿಬಟ್ಟಲು, ತುಂಬೆ, ಯಾವುದು ಹೇಳಿದರೂ ನಡೆಯುತ್ತಿತ್ತು. "ಮ ಅಕ್ಷರದಿಂದ ಶುರು, ಗೆ ಅಕ್ಷರದಿಂದ ಮುಗಿಯುತ್ತೆ, ಮುಡಿಗೆ ಮುಡಿಯೋದು" ಅಂದಿದ್ದರೆ ಯೋಚನೆ ಮಾಡುವ ಕೆಲಸವೇ ಇರುತ್ತಿರಲಿಲ್ಲ. ಒಗಟು ಉತ್ತರದ ಕಡೆ ಕೈ ತೋರಿಸುತ್ತದೆ, ಉತ್ತರವನ್ನು ಕೈಗೆ ಕೊಡಲ್ಲ. ಇನ್ನೊಂದು ವಿಷಯ: ಒಗಟು ಕಟ್ಟುವವರಿಗೆ ಮೊದಲು ಉತ್ತರ ಗೊತ್ತಿರಬೇಕು. ಅದಕ್ಕೇ ಎಡಗಡೆಯನ್ನು ಕೊನೆಗೆ ಬರೆಯುವುದು.

ತಂಗಿ ಮೊದಲು ಬರೆದದ್ದು, "ಎರರ್ ಆಫ್ ಒಮಿಷನ್ ಎಂದರೇನು?" ಇದು ಬಿಳಿ ಹೂವಿನ ಪ್ರಶ್ನೆ. ವ್ಯಾಖ್ಯೆ ಒಪ್ಪಿಸಿದರೆ ಮುಗಿಯಿತು. ಎರಡನೇ ಸಲ, "ಪೂರ್ತಿ ಬಿಟ್ಟದ್ದು ಟ್ಯಾಲಿ ಆಗುತ್ತದೆ ಯಾಕೆ?" ಅಂತ ಬರೆದಳು. ಅರ್ಧ ಉತ್ತರ ಪ್ರಶ್ನೆಯೊಳಗೇ ಇದೆ. ಮೂರನೇ ಸಲ ಬಂತು ನೋಡಿ.

[ತೆರೆಯ ಮೇಲೆ: ಎಡಗಡೆಯ ಕಾಲಂ, "ಬರೆಯದೆ ಬಿಟ್ಟ ತಪ್ಪು ಯಾವಾಗ ಸಿಕ್ಕಿಬೀಳುತ್ತದೆ, ಯಾವಾಗ ಇಲ್ಲ?"]

ಇದು ಮೊಸರು ಚೆಲ್ಲಿದ ಪ್ರಶ್ನೆ! ಬಲಗಡೆಯ ಎರಡು ಸಾಲೂ ತಲೆಯಲ್ಲಿ ಎದ್ದು ನಿಲ್ಲದಿದ್ದರೆ ಉತ್ತರ ಹೇಳುವುದಕ್ಕೆ ಆಗಲ್ಲ. ಒಂದು ಪುಟಕ್ಕೆ ಇಂಥವು ನಾಲ್ಕೈದು ಸಾಕು. ಬಲಗಡೆಯ ಪ್ರತಿ ಸಾಲಿಗೂ ಒಂದು ಪ್ರಶ್ನೆ ಬರೆದಿದ್ದೀರಾ? ಹಾಗಿದ್ದರೆ ಮತ್ತೆ ಜೆರಾಕ್ಸಿಗೆ ಹೋಗಿದ್ದೀರಿ ಅಂತ ಅರ್ಥ.

ಟೈಮ್ ನೋಡಿದರೆ ಓಡುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಕೆಳಗಿನ 5 ಸೆಂಟಿಮೀಟರಿನಲ್ಲಿ ಎರಡು ಮೂರು ವಾಕ್ಯ, ನಿಮ್ಮದೇ ಮಾತಿನಲ್ಲಿ. ತಂಗಿ ಬರೆದದ್ದು: "ತಪ್ಪು ಒಂದು ಕಡೆಯ ಮೊತ್ತವನ್ನು ಮಾತ್ರ ಕೆಡಿಸಿದರೆ ಟ್ರಯಲ್ ಬ್ಯಾಲೆನ್ಸಿಗೆ ಗೊತ್ತಾಗುತ್ತದೆ. ಎರಡೂ ಕಡೆ ಸಮನಾಗಿ ಕೆಡಿಸಿದರೆ, ಒಂದು ತಪ್ಪನ್ನು ಇನ್ನೊಂದು ತಪ್ಪು ಸರಿದೂಗಿಸಿದರೆ, ಅಥವಾ ಕಡೆ ಸರಿ ಇದ್ದು ಖಾತೆ ಮಾತ್ರ ತಪ್ಪಿದರೆ, ಗೊತ್ತಾಗಲ್ಲ." ನಾಲ್ಕು ಹೆಸರಲ್ಲಿ ಒಂದೂ ಇಲ್ಲ, ಆದರೆ ನಾಲ್ಕಕ್ಕೂ ಹೊಂದುತ್ತದೆ. ಸಾರಾಂಶ ಬರೆಯಲು ಕೈ ಓಡದಿದ್ದರೆ ತೊಂದರೆ ಕೆಳಗಿಲ್ಲ, ಬಲಗಡೆ ಇದೆ. ಅಲ್ಲಿ ಏನೋ ಅರ್ಥ ಆಗದೆ ಇಳಿಸಿದ್ದೀರಿ. ಮಾರನೇ ದಿನ ಬಲಗಡೆಯನ್ನು ಇನ್ನೊಂದು ಹಾಳೆಯಿಂದ ಮುಚ್ಚಿ, ಎಡಗಡೆ ಓದಿ, ಉತ್ತರವನ್ನು ಬಾಯಿಬಿಟ್ಟು ಹೇಳಿ. ತಡವರಿಸಿದ ಪ್ರಶ್ನೆಗೆ ಒಂದು ಚುಕ್ಕಿ ಇಡಿ. ವಾರ ಬಿಟ್ಟು ಚುಕ್ಕಿ ಇರುವುದಷ್ಟನ್ನೇ ನೋಡಿದರೂ ಆಗುತ್ತದೆ.

ಒಂದು ಮಾತು: ಜರ್ನಲ್ ಎಂಟ್ರಿ, ಲೆಡ್ಜರ್ ಪೋಸ್ಟಿಂಗ್ ಥರದ ಲೆಕ್ಕಗಳನ್ನು ಈ ಪುಟಕ್ಕೆ ತುರುಕಬೇಡಿ. ಅವು ಮಾಡಿ ಮಾಡಿ ಬರುವಂಥವು. ಎಲ್ಲಿ ತಪ್ಪಿದಿರಿ, ಯಾಕೆ ತಪ್ಪಿದಿರಿ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಿರಿ.

[ತೆರೆಯ ಮೇಲೆ: ಬಲಗಡೆ ಮುಚ್ಚಿದ ಹಾಳೆ]

ಈಗ ತಂಗಿ ನಿಮಗಾಗಿ ಕಟ್ಟಿದ ಒಗಟು. ಮಾಲೀಕರ ಮನೆಯ ಕರೆಂಟ್ ಬಿಲ್ ₹1,200, ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಕಟ್ಟಿದರು. ಪುಸ್ತಕದಲ್ಲಿ ಅಂಗಡಿಯ ಕರೆಂಟ್ ಖರ್ಚು ಅಂತ ಬರೆದರು. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗುತ್ತಾ? ಆದರೆ ಯಾಕೆ, ಆಗದಿದ್ದರೆ ಯಾಕೆ? ಆ ₹1,200 ಸೇರಬೇಕಾಗಿದ್ದ ಖಾತೆ ಯಾವುದು?