ಎರಡೂ ಕಡೆ ಗೆದ್ದು ಮೊತ್ತದಲ್ಲಿ ಸೋತ ಚಿಕಿತ್ಸೆ

ಕೇಳುಗರಿಗೆ ನಮಸ್ಕಾರ. ಕೈಗೆ ಸಿಗುವಂತಿದ್ದರೆ ಒಂದು ಪೆನ್ನು, ಒಂದು ಚೂರು ಕಾಗದ ಇಟ್ಟುಕೊಳ್ಳಿ. ಹಳೆಯ ಕ್ಯಾಲೆಂಡರಿನ ಹಿಂಬದಿಯಾದರೂ ಆದೀತು. ಇವತ್ತು ಹೇಳುವ ಲೆಕ್ಕದಲ್ಲಿ ಕೂಡುವುದು, ಭಾಗಿಸುವುದು ಬಿಟ್ಟರೆ ಬೇರೇನೂ ಇಲ್ಲ. ಆದರೂ ಬರೆದುಕೊಳ್ಳದೆ ಕೇಳಿದರೆ ನಾನೇ ಎಲ್ಲೋ ತಪ್ಪು ಓದಿದೆ ಎಂದು ನಿಮಗೆ ಅನ್ನಿಸುತ್ತದೆ.

ವಿಷಯ ಮೂತ್ರಪಿಂಡದ ಕಲ್ಲಿನದು, ನಾವೆಲ್ಲ ಕಿಡ್ನಿ ಸ್ಟೋನ್ ಅನ್ನುವುದು. ಬ್ರಿಟನ್ನಿನ ಕೆಲವು ವೈದ್ಯರು ಕಲ್ಲು ತೆಗೆಯುವ ವಿಧಾನಗಳನ್ನು ಹೋಲಿಸಿ 1986ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಅದರಲ್ಲಿ ಎರಡು ವಿಧಾನಗಳನ್ನಷ್ಟೇ ನೋಡೋಣ. ಒಂದು ಹಳೆಯದು: ಹೊಟ್ಟೆಯ ಪಕ್ಕವನ್ನು ಕೊಯ್ದು, ಮೂತ್ರಪಿಂಡವನ್ನು ಕಣ್ಣಾರೆ ಕಂಡು ಕಲ್ಲು ತೆಗೆಯುವುದು. ಇದನ್ನು ತೆರೆದ ಶಸ್ತ್ರಚಿಕಿತ್ಸೆ ಅನ್ನೋಣ. ಇನ್ನೊಂದು ಆಗ ಹೊಸದು: ಬೆನ್ನಿನ ಬದಿಯಲ್ಲಿ ಸಣ್ಣ ರಂಧ್ರ ಮಾಡಿ, ಕೊಳವೆ ತೂರಿಸಿ, ಅದರ ಮೂಲಕವೇ ಕಲ್ಲನ್ನು ಒಡೆದು ತೆಗೆಯುವುದು. ಇದು ಕೊಳವೆ ವಿಧಾನ. ಎರಡರಲ್ಲೂ 350 ರೋಗಿಗಳು. ತೆರೆದ ಶಸ್ತ್ರಚಿಕಿತ್ಸೆ 273 ಜನರಲ್ಲಿ ಫಲಿಸಿತು. ಕೊಳವೆ ವಿಧಾನ 289 ಜನರಲ್ಲಿ ಫಲಿಸಿತು. ಅಂದರೆ ತೆರೆದದ್ದು ನೂರಕ್ಕೆ 78, ಕೊಳವೆ ನೂರಕ್ಕೆ 83.

ನಿಮ್ಮ ಮನೆಯವರೊಬ್ಬರಿಗೆ ಕಲ್ಲಾಗಿದ್ದರೆ ಯಾವುದನ್ನು ಆರಿಸುತ್ತಿದ್ದಿರಿ? ಕೊಯ್ಯುವುದೂ ಕಡಿಮೆ, ಗುಣವೂ ಹೆಚ್ಚು. ಯೋಚಿಸುವುದಕ್ಕೇ ಏನೂ ಇಲ್ಲ ಅನ್ನಿಸುತ್ತದೆ, ಅಲ್ಲವೇ?

ಈಗ ಅದೇ ರೋಗಿಗಳನ್ನು ಕಲ್ಲಿನ ಗಾತ್ರದ ಮೇಲೆ ಎರಡು ಸಾಲಾಗಿ ನಿಲ್ಲಿಸೋಣ. ಎರಡು ಸೆಂಟಿಮೀಟರಿಗಿಂತ ಚಿಕ್ಕ ಕಲ್ಲಿನವರು ಒಂದು ಕಡೆ, ಅಲ್ಲಿಂದ ಮೇಲಿನವರು ಇನ್ನೊಂದು ಕಡೆ. ಮೊದಲು ಚಿಕ್ಕ ಕಲ್ಲು. ತೆರೆದ ಶಸ್ತ್ರಚಿಕಿತ್ಸೆಯಲ್ಲಿ 87 ಜನರ ಪೈಕಿ 81 ಮಂದಿಗೆ ಗುಣ, ನೂರಕ್ಕೆ 93. ಕೊಳವೆಯಲ್ಲಿ 270 ಜನರ ಪೈಕಿ 234, ನೂರಕ್ಕೆ 87. ಇಲ್ಲಿ ತೆರೆದದ್ದೇ ಮೇಲು. ಹಾಗಾದರೆ ದೊಡ್ಡ ಕಲ್ಲಿನಲ್ಲಿ ಕೊಳವೆ ಗೆದ್ದಿರಬೇಕು ಎಂದು ನೀವು ಊಹಿಸಿರುತ್ತೀರಿ. ತೆರೆದ ಶಸ್ತ್ರಚಿಕಿತ್ಸೆಯಲ್ಲಿ 263ಕ್ಕೆ 192, ನೂರಕ್ಕೆ 73. ಕೊಳವೆಯಲ್ಲಿ 80ಕ್ಕೆ 55, ನೂರಕ್ಕೆ 69. ಇಲ್ಲೂ ತೆರೆದದ್ದೇ ಮೇಲು.

ಚಿಕ್ಕ ಕಲ್ಲಿಗೂ ತೆರೆದದ್ದು, ದೊಡ್ಡ ಕಲ್ಲಿಗೂ ತೆರೆದದ್ದು, ಒಟ್ಟಿನಲ್ಲಿ ಮಾತ್ರ ಕೊಳವೆ. ಮೂರನೆಯ ಬಗೆಯ ಕಲ್ಲೊಂದು ನಡುವೆ ಎಲ್ಲಾದರೂ ಅಡಗಿದೆಯೇ ಅಂದರೆ ಅದೂ ಇಲ್ಲ. ಕಾಗದದ ಮೇಲೆ ಕೂಡಿ ನೋಡಿ: 81 ಮತ್ತು 192 ಸೇರಿದರೆ 273. 234 ಮತ್ತು 55 ಸೇರಿದರೆ 289. ಒಬ್ಬ ರೋಗಿಯೂ ತಪ್ಪಿಸಿಕೊಂಡಿಲ್ಲ.

ಇದು ಹೇಗಾಯಿತು? ಕೂಡಿಸಿದ ಶೇಕಡಾವಾರನ್ನು ಹಗ್ಗಜಗ್ಗಾಟದ ಹಗ್ಗಕ್ಕೆ ಕಟ್ಟಿದ ಕೆಂಪು ಬಟ್ಟೆ ಅಂದುಕೊಳ್ಳಿ. ತೆರೆದ ಶಸ್ತ್ರಚಿಕಿತ್ಸೆಯ ಹಗ್ಗದ ಒಂದು ತುದಿ 93ರಲ್ಲಿದೆ, ಇನ್ನೊಂದು ತುದಿ 73ರಲ್ಲಿದೆ. ಬಟ್ಟೆ ಎಲ್ಲಿ ನಿಲ್ಲುತ್ತದೆ? ಯಾವ ತುದಿಯಲ್ಲಿ ಜನ ಹೆಚ್ಚೋ ಅದರ ಹತ್ತಿರ. 93ರ ಕಡೆ ಜಗ್ಗುವವರು ಬರೀ 87 ಜನ, 73ರ ಕಡೆ 263 ಜನ. ಹಾಗಾಗಿ ಬಟ್ಟೆ ಕೆಳಗಿನ ತುದಿಯತ್ತ ಸರಿದು 78ರಲ್ಲಿ ನಿಂತಿತು. ಕೊಳವೆಯ ಹಗ್ಗದ ತುದಿಗಳು 87 ಮತ್ತು 69. ಎರಡು ತುದಿಯೂ ತೆರೆದದ್ದಕ್ಕಿಂತ ಕೆಳಗಿವೆ, ನಿಜ. ಆದರೆ ಇಲ್ಲಿ ಮೇಲಿನ ತುದಿಯಲ್ಲಿ 270 ಜನ, ಕೆಳಗಿನ ತುದಿಯಲ್ಲಿ 80 ಜನ. ಬಟ್ಟೆ ಮೇಲಕ್ಕೆ ಜಗ್ಗಿಸಿಕೊಂಡು 83ಕ್ಕೆ ಬಂತು. ಒಂದು ಹಗ್ಗದ ಬಟ್ಟೆ ಕೆಳಕ್ಕೂ ಇನ್ನೊಂದರದು ಮೇಲಕ್ಕೂ ಹೋದಾಗ ಅವು ಒಂದನ್ನೊಂದು ದಾಟಿಬಿಟ್ಟವು. ಇಷ್ಟೇ ಗುಟ್ಟು.

ಅಂದರೆ ತೆರೆದ ಶಸ್ತ್ರಚಿಕಿತ್ಸೆಯ ಪಾಲಿಗೆ ಬಂದ ನಾಲ್ವರಲ್ಲಿ ಮೂವರು ದೊಡ್ಡ ಕಲ್ಲಿನವರು. ಕೊಳವೆಯ ಪಾಲಿಗೆ ಬಂದ ನಾಲ್ವರಲ್ಲಿ ಮೂವರಿಗೂ ಹೆಚ್ಚು ಚಿಕ್ಕ ಕಲ್ಲಿನವರು. ಕಷ್ಟದ ಕೆಲಸವನ್ನೆಲ್ಲ ಒಬ್ಬನಿಗೆ ಕೊಟ್ಟು, ಸುಲಭದ್ದನ್ನು ಇನ್ನೊಬ್ಬನಿಗೆ ಕೊಟ್ಟು, ಕೊನೆಗೆ ಇಬ್ಬರ ಅಂಕಪಟ್ಟಿ ಅಕ್ಕಪಕ್ಕ ಇಟ್ಟ ಹಾಗಾಯಿತು. ನಮ್ಮ ಕಡೆ ಬಾಳೆದಿಂಡಿನ ರಸ ಕುಡಿದು ಕಲ್ಲು ಹೋಯಿತು ಅನ್ನುವವರು ಊರಿಗೆ ಹತ್ತು ಜನ ಸಿಗುತ್ತಾರೆ. ನಾನು ಅವರನ್ನು ಸುಳ್ಳು ಹೇಳುತ್ತಿದ್ದಾರೆ ಅನ್ನುವುದಿಲ್ಲ. ಆದರೆ ಐದು ಮಿಲಿಮೀಟರಿಗಿಂತ ಚಿಕ್ಕ ಕಲ್ಲು ಹೆಚ್ಚಿನವರಲ್ಲಿ ತಾನಾಗಿಯೇ ಇಳಿದು ಹೋಗುತ್ತದೆ. ದಿಂಡಿನ ರಸದ ಹತ್ತಿರ ಹೋಗುವವು ಹೆಚ್ಚಾಗಿ ಅಂಥ ಕಲ್ಲುಗಳೇ. ದೊಡ್ಡವು ಆಸ್ಪತ್ರೆಯ ದಾರಿ ಹಿಡಿಯುತ್ತವೆ.

ಈಗ ನ್ಯಾಯವಾದ ಹೋಲಿಕೆ ಹೇಗೆ ಮಾಡುವುದು ನೋಡೋಣ. ಎರಡೂ ವಿಧಾನ ಸೇರಿ ರೋಗಿಗಳು 700. ಅವರಲ್ಲಿ ಚಿಕ್ಕ ಕಲ್ಲಿನವರು 357, ದೊಡ್ಡ ಕಲ್ಲಿನವರು 343, ಹೆಚ್ಚುಕಡಿಮೆ ಅರ್ಧರ್ಧ. ಈ 700 ಜನರಿಗೂ ತೆರೆದ ಶಸ್ತ್ರಚಿಕಿತ್ಸೆಯನ್ನೇ ಮಾಡಿದ್ದರೆ ಎಂದು ಕಲ್ಪಿಸಿಕೊಳ್ಳಿ. ಚಿಕ್ಕ ಕಲ್ಲಿನವರಲ್ಲಿ ನೂರಕ್ಕೆ 93ರ ಲೆಕ್ಕದಲ್ಲಿ ಸುಮಾರು 332 ಜನ, ದೊಡ್ಡ ಕಲ್ಲಿನವರಲ್ಲಿ 73ರ ಲೆಕ್ಕದಲ್ಲಿ ಸುಮಾರು 250 ಜನ, ಒಟ್ಟು 582. ಎಲ್ಲರಿಗೂ ಕೊಳವೆ ಹಾಕಿದ್ದರೆ ಇದೇ ರೀತಿ 309 ಮತ್ತು 236, ಒಟ್ಟು 545. ಶೇಕಡಾವಾರಿಗೆ ತಂದರೆ ತೆರೆದದ್ದು 83, ಕೊಳವೆ 78. ಮೊದಲು ಹೇಳಿದ ಎರಡು ಸಂಖ್ಯೆಗಳು ನೆನಪಿವೆಯೇ? ಅವೇ 78 ಮತ್ತು 83, ಜಾಗ ಮಾತ್ರ ಅದಲುಬದಲು. ಇಷ್ಟು ಚೊಕ್ಕವಾಗಿ ತಿರುಗಿದ್ದು ಈ ಅಂಕಿಗಳ ಆಕಸ್ಮಿಕ, ನಿಯಮವಲ್ಲ. ಆದರೂ ಮೊದಲ ಸಲ ಲೆಕ್ಕ ಮಾಡಿದಾಗ ನಾನು ಎರಡು ಬಾರಿ ಒರೆಸಿ ಬರೆದಿದ್ದೆ.

ಹೀಗೆ ಮಗುಚಿಕೊಳ್ಳುವುದು ಎಲ್ಲ ಕಡೆಯೂ ಆಗುವುದಿಲ್ಲ. ಎರಡು ಸಂಗತಿ ಒಟ್ಟಿಗೆ ಇರಬೇಕು. ಗುಂಪುಗಳ ನಡುವಿನ ಅಂತರ ಚಿಕಿತ್ಸೆಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬೇಕು. ಇಲ್ಲಿ ಚಿಕಿತ್ಸೆ ಬದಲಿಸಿದರೆ ನೂರಕ್ಕೆ ನಾಲ್ಕೋ ಆರೋ ವ್ಯತ್ಯಾಸ, ಕಲ್ಲಿನ ಗಾತ್ರ ಬದಲಾದರೆ ಹದಿನೆಂಟು, ಇಪ್ಪತ್ತು. ಜೊತೆಗೆ ಗುಂಪುಗಳ ಹಂಚಿಕೆ ಎರಡು ಕಡೆ ಬೇರೆಬೇರೆ ಇರಬೇಕು. ಎರಡೂ ವಿಧಾನಕ್ಕೆ ಚಿಕ್ಕವು ದೊಡ್ಡವು ಒಂದೇ ಪ್ರಮಾಣದಲ್ಲಿ ಬಂದಿದ್ದರೆ ಎರಡು ಬಟ್ಟೆಗಳೂ ಒಂದೇ ದಿಕ್ಕಿಗೆ ಅಷ್ಟಷ್ಟೇ ಸರಿಯುತ್ತಿದ್ದವು, ದಾಟುವ ಮಾತೇ ಬರುತ್ತಿರಲಿಲ್ಲ. ಆದ್ದರಿಂದ ಯಾರಾದರೂ ನಿಮ್ಮ ಮುಂದೆ ಎರಡು ಶೇಕಡಾವಾರು ಇಟ್ಟರೆ, ಅವು ಎಷ್ಟರಲ್ಲಿ ಎಷ್ಟು, ಆ ಎಷ್ಟರಲ್ಲಿ ಯಾರ್ಯಾರು ಇದ್ದರು ಎಂದು ಕೇಳಿ. ಭಾಗಿಸುವ ಗೆರೆಯ ಕೆಳಗಿನ ಸಂಖ್ಯೆ 87, 263 ಎಂದು ಒಂದು ಕಡೆ, 270, 80 ಎಂದು ಇನ್ನೊಂದು ಕಡೆ ಕಂಡರೆ ಅಲ್ಲೇ ಅನುಮಾನ ಶುರುವಾಗಬೇಕು.

ಹಾಗಂತ ತೆರೆದ ಶಸ್ತ್ರಚಿಕಿತ್ಸೆಯೇ ಒಳ್ಳೆಯದು ಎಂದು ಇದರಿಂದ ಸಾಬೀತಾಯಿತೇ? ಇಲ್ಲ. ತೆರೆದ ಶಸ್ತ್ರಚಿಕಿತ್ಸೆಯ ಅಂಕಿಗಳು 1972ರಿಂದ 1980ರವರೆಗಿನವು, ಕೊಳವೆಯವು 1980ರಿಂದ 1985ರವರೆಗಿನವು. ಕಾಲವೇ ಬೇರೆ. ಯಾರಿಗೆ ಯಾವ ಚಿಕಿತ್ಸೆ ಎಂದು ಚೀಟಿ ಎತ್ತಿ ಹಂಚಿದ್ದೂ ಅಲ್ಲ. ಗಾತ್ರವೊಂದನ್ನು ಬೇರ್ಪಡಿಸಿದೆವು, ಸರಿ. ವಯಸ್ಸು, ಕಲ್ಲು ಕೂತ ಜಾಗ ಇನ್ನೂ ಬೆರಕೆಯಾಗಿಯೇ ಇರಬಹುದು. 69ಕ್ಕೂ 73ಕ್ಕೂ ಇರುವ ಅಂತರ 80 ಜನರ ಗುಂಪಿನಲ್ಲಿ ಬರೀ ಅದೃಷ್ಟದಿಂದಲೂ ಬಂದೀತು. ನೋವು ಕಡಿಮೆ, ಬೇಗ ಮನೆಗೆ ಹೋಗಬಹುದು ಎಂಬ ಕಾರಣಕ್ಕೆ ಈಗ ತೆರೆದ ಶಸ್ತ್ರಚಿಕಿತ್ಸೆ ಅಪರೂಪವಾಗಿದೆ. ಅದರಲ್ಲಿ ತಪ್ಪೇನಿಲ್ಲ.

ಬಿಡಿ ಗುಂಪುಗಳಲ್ಲಿ ಕಂಡದ್ದು ಕೂಡಿಸಿದಾಗ ಹೀಗೆ ಮಗುಚಿಕೊಳ್ಳುವುದಕ್ಕೆ ಸಿಂಪ್ಸನ್ನನ ವಿರೋಧಾಭಾಸ ಎಂದು ಹೆಸರು. ಬ್ರಿಟನ್ನಿನ ಎಡ್ವರ್ಡ್ ಸಿಂಪ್ಸನ್ 1951ರಲ್ಲಿ ಇದರ ಬಗ್ಗೆ ಬರೆದರು. ಅವರಿಗಿಂತ ಅರ್ಧ ಶತಮಾನ ಮೊದಲೇ ಯೂಲ್ ಎಂಬುವರು ಇದನ್ನು ಗುರುತಿಸಿದ್ದರು, ಹೆಸರು ಮಾತ್ರ ಸಿಂಪ್ಸನ್ನರಿಗೆ ಅಂಟಿಕೊಂಡಿತು. ಆದರೆ ಸಿಂಪ್ಸನ್ ಲೇಖನದಲ್ಲಿ ಒಂದು ತಮಾಷೆಯ ಉದಾಹರಣೆ ಇದೆ. ನನಗೆ ಕಿಡ್ನಿ ಕಲ್ಲಿಗಿಂತ ಅದೇ ಹೆಚ್ಚು ಇಷ್ಟ.

ಒಂದು ಕಟ್ಟು ಇಸ್ಪೀಟು, 52 ಎಲೆ. ಅದರೊಡನೆ ಮಗುವೊಂದು ಆಡಿ ಕೆಲವು ಎಲೆಗಳನ್ನು ಕೊಳೆ ಮಾಡಿದೆ. ಮಗುವಿಗೆ ಕೆಂಪು ಎಲೆ ಇಷ್ಟ, ರಾಜ ರಾಣಿ ಗುಲಾಮರ ಚಿತ್ರದ ಎಲೆಯೂ ಇಷ್ಟ. ಅವೇ ಹೆಚ್ಚು ಕೊಳೆಯಾಗಿವೆ. ಈಗ ಕೊಳೆಯಾದ ಎಲೆಗಳನ್ನು ಬೇರೆ, ಶುಭ್ರವಾದವನ್ನು ಬೇರೆ ಇಟ್ಟು ಎಣಿಸಿದರೆ, ಎರಡು ಗುಂಪಿನಲ್ಲೂ ಚಿತ್ರದ ಎಲೆಗಳಿಗಿಂತ ಸಾದಾ ಎಲೆಗಳಲ್ಲೇ ಕೆಂಪಿನ ಪಾಲು ತುಸು ಹೆಚ್ಚು ಕಾಣುತ್ತದೆ. ಎರಡನ್ನೂ ಸೇರಿಸಿದರೆ ಆ ಹೆಚ್ಚಳ ಮಾಯ. ಚಿತ್ರದ ಎಲೆ 12, ಅದರಲ್ಲಿ ಕೆಂಪು 6. ಸಾದಾ ಎಲೆ 40, ಅದರಲ್ಲಿ ಕೆಂಪು 20. ಎರಡೂ ಸರಿಯಾಗಿ ಅರ್ಧ. ಇಲ್ಲಿ ಫಲಿತಾಂಶ ತಲೆಕೆಳಗಾಗುವುದಿಲ್ಲ, ಅಳಿಸಿಹೋಗುತ್ತದೆ. ಒಳಗಿನ ಯಂತ್ರ ಒಂದೇ. ಆದರೆ ಈ ಸಲ ಯಾವ ಲೆಕ್ಕ ನಂಬುತ್ತೀರಿ? ಕೂಡಿಸಿದ್ದನ್ನೇ. ಇಸ್ಪೀಟಿನ ಕಟ್ಟು ಹೇಗಿರುತ್ತದೆ ಎಂಬುದು ಮಗುವಿನ ಕೈಗೆ ಸಿಗುವ ಮೊದಲೇ ತೀರ್ಮಾನವಾಗಿತ್ತು, ಕೊಳೆ ಆಮೇಲೆ ಬಂದದ್ದು.

ಸಿಂಪ್ಸನ್ ಅವೇ ಅಂಕಿಗಳನ್ನು ಒಂದೂ ಬದಲಿಸದೆ ಹೆಸರಷ್ಟನ್ನೇ ತಿದ್ದಿದರು. ಕೊಳೆ ಮತ್ತು ಶುಭ್ರ ಇದ್ದಲ್ಲಿ ಗಂಡಸು, ಹೆಂಗಸು. ಚಿತ್ರದ ಎಲೆ, ಸಾದಾ ಎಲೆ ಇದ್ದಲ್ಲಿ ಚಿಕಿತ್ಸೆ ಪಡೆಯದವರು, ಪಡೆದವರು. ಕೆಂಪು, ಕಪ್ಪು ಇದ್ದಲ್ಲಿ ಬದುಕಿದವರು, ಸತ್ತವರು. ಈಗ ಗಂಡಸರಲ್ಲೂ ಚಿಕಿತ್ಸೆಯಿಂದ ತುಸು ಲಾಭ, ಹೆಂಗಸರಲ್ಲೂ ತುಸು ಲಾಭ, ಒಟ್ಟಿನಲ್ಲಿ ಏನೂ ಇಲ್ಲ. ಆದರೆ ಗಂಡಸು ಹೆಂಗಸು ಎಂಬುದು ಔಷಧಿ ಕೊಡುವ ಮೊದಲೇ ಇದ್ದದ್ದು. ಆದ್ದರಿಂದ ಈ ಸಲ ನಂಬಬೇಕಾದದ್ದು ಬಿಡಿಸಿದ ಲೆಕ್ಕವನ್ನು. ಸಿಂಪ್ಸನ್ನರ ಪಟ್ಟಿಯ ಎಂಟು ಸಂಖ್ಯೆಗಳು ಎರಡು ಕಡೆಯೂ ಅವೇ.

ಕಿಡ್ನಿ ಕಲ್ಲೂ ಹೀಗೆಯೇ. ಅದರ ಗಾತ್ರ ಶಸ್ತ್ರಚಿಕಿತ್ಸೆಯ ಮೇಜಿಗೆ ಬರುವ ಮೊದಲೇ ಗೊತ್ತಾದದ್ದು, ಅದಕ್ಕೇ ಅದರ ಪ್ರಕಾರ ಬಿಡಿಸಿದೆವು. ಅದರ ಬದಲು ಶಸ್ತ್ರಚಿಕಿತ್ಸೆ ಆದ ಮೇಲೆ ಜ್ವರ ಬಂದವರು, ಬಾರದವರು ಎಂದು ಬಿಡಿಸಿದ್ದರೆ ನಾವೂ ಮಗುವಿನ ಕೊಳೆಯನ್ನು ಎಣಿಸುತ್ತಾ ಕೂತ ಹಾಗಾಗುತ್ತಿತ್ತು. ಜ್ವರ ಚಿಕಿತ್ಸೆಯಿಂದಲೇ ಬಂದಿರಬಹುದಲ್ಲ. ಕಾಗದದ ಹಿಂದೆ ಜಾಗ ಉಳಿದಿದ್ದರೆ ಕೊಳೆಯಾದ 20 ಎಲೆಗಳ ಲೆಕ್ಕ ಬರೆದುಕೊಳ್ಳಿ: ಕೆಂಪು ಚಿತ್ರ 4, ಕಪ್ಪು ಚಿತ್ರ 3, ಕೆಂಪು ಸಾದಾ 8, ಕಪ್ಪು ಸಾದಾ 5. ಶುಭ್ರವಾದ 32 ಎಲೆಗಳ ಲೆಕ್ಕವನ್ನು ಮನೆಯಲ್ಲಿರುವ ಇಸ್ಪೀಟು ಕಟ್ಟು ತೆಗೆದು ನೀವೇ ಕಂಡುಕೊಳ್ಳಬಹುದು. ನಮಸ್ಕಾರ.