ರೈಲು ಇಳಿದ ಮುಖಕ್ಕೆ ನಾಲ್ಕೇ ಸಾಮಾನು

ಇದು ಉದ್ಯಾನ್ ಎಕ್ಸ್‌ಪ್ರೆಸ್, ಸ್ಲೀಪರ್ ಬೋಗಿ. ಬೆಳಗ್ಗೆ ಮುಂಬೈ ಬಿಟ್ಟರೆ ಬೆಂಗಳೂರು ಸೇರುವುದು ಮರುದಿನವೇ. ಮಧ್ಯಾಹ್ನ ಸೊಲ್ಲಾಪುರದ ಕಡೆ ಕಿಟಕಿ ತೆಗೆದರೆ ಧೂಳು, ಮುಚ್ಚಿದರೆ ಬೆವರು. ಕಲಬುರಗಿ ದಾಟುವಷ್ಟರಲ್ಲಿ ಕೆನ್ನೆ ಮುಟ್ಟಿದರೆ ಬೆರಳಿಗೆ ಜಿಡ್ಡು ಅಂಟುತ್ತದೆ.

ನನ್ನ ಚೀಲದಲ್ಲಿರುವುದು ನಾಲ್ಕೇ. ಸೌಮ್ಯವಾದ ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ತುಟಿಗೆ ವ್ಯಾಸಲೀನ್. ಜೊತೆಗೆ ತೆಳ್ಳನೆಯ ಹತ್ತಿ ಬಟ್ಟೆ.

ಧೂಳು ಕೂತಿರುವ ಮುಖವನ್ನು ವೆಟ್ ವೈಪ್‌ನಲ್ಲಿ ಉಜ್ಜಬೇಡಿ. ವೈಪ್ ಕಪ್ಪಾದದ್ದು ನೋಡಿ ಖುಷಿಯಾಗುತ್ತದೆ, ಅಲ್ವಾ? ಆದರೆ ಅದೇ ಧೂಳಿನ ಕಣಗಳು ಚರ್ಮವನ್ನು ತರಚುತ್ತಾ ಹೋಗಿರುತ್ತವೆ. ಮೊದಲು ಕೈ ತೊಳೆಯಿರಿ. ಆಮೇಲೆ ಮುಖಕ್ಕೆ ಸುಮ್ನೆ ನೀರು ಎರಚಿ, ಧೂಳು ಇಳಿಯಲಿ. ಕಡಲೆಕಾಳಿನಷ್ಟು ಫೇಸ್‌ವಾಶ್ ಅಂಗೈಯಲ್ಲಿ ನೊರೆ ಮಾಡಿ, ಮೂಗಿನ ಪಕ್ಕ, ಕೂದಲಿನ ಅಂಚು, ಕಿವಿಯ ಮುಂದೆ ಬೆರಳಾಡಿಸಿ. ಅರ್ಧ ನಿಮಿಷ ಸಾಕು. ತೊಳೆದು ಬಟ್ಟೆ ಒತ್ತಿ, ತಿಕ್ಕಬೇಡಿ.

ಈಗ ಒಮ್ಮೆ ನಕ್ಕು ನೋಡಿ. ಕೆನ್ನೆ ಬಿಗಿದು ಎಳೆದ ಹಾಗಾದರೆ ಫೇಸ್‌ವಾಶ್ ಖಾರವಾಯಿತು ಎಂದರ್ಥ. ಮೈ ಸೋಪಿನಲ್ಲಿ ಮುಖ ತೊಳೆದರೂ ಹೀಗೇ ಆಗುತ್ತದೆ, ಅದು ಚರ್ಮದ ಎಣ್ಣೆಯನ್ನೂ ಎಳೆದುಕೊಂಡು ಹೋಗುತ್ತದೆ. ಪದೇ ಪದೇ ತೊಳೆಯುವುದಂತೂ ಬೇಡ. ಮಲಗುವ ಮುಂಚೆ ಒಮ್ಮೆ, ಇಳಿಯುವ ಮುಂಚೆ ಒಮ್ಮೆ.

ಮುಖ ಪೂರ್ತಿ ಒಣಗುವ ಮೊದಲೇ ಮಾಯಿಶ್ಚರೈಸರ್ ಹಚ್ಚಿ. ಅದರ ಮುಖ್ಯ ಕೆಲಸ ಇರುವ ನೀರನ್ನು ಹಿಡಿದಿಡುವುದು. ಒಣ ಚರ್ಮದ ಮೇಲೆ ಹಚ್ಚಿದರೆ ಹಿಡಿದಿಡಲು ಏನೂ ಜಾಸ್ತಿ ಉಳಿದಿರುವುದಿಲ್ಲ.

ವಿಮಾನದಲ್ಲಿ ಕಥೆ ಉಲ್ಟಾ. ಅಲ್ಲಿ ಧೂಳಿಲ್ಲ, ಆದರೆ ಒಳಗಿನ ಗಾಳಿಯ ತೇವಾಂಶ ಸಾಮಾನ್ಯವಾಗಿ 20 ಶೇಕಡಕ್ಕಿಂತ ಕಡಿಮೆ. ಹತ್ತುವ ಮುಂಚೆಯೇ ಮಾಯಿಶ್ಚರೈಸರ್ ಸ್ವಲ್ಪ ದಪ್ಪಗೆ ಹಚ್ಚಿ, ತುಟಿಗೆ ವ್ಯಾಸಲೀನ್. ಮುಖಕ್ಕೆ ನೀರಿನ ಸ್ಪ್ರೇ ಮಾಡಿಕೊಂಡು ಹಾಗೇ ಕೂತರೆ ಆ ನೀರು ಆರಿಹೋಗುತ್ತದೆ, ಲಾಭವೇನಿಲ್ಲ. ಅಂತಾರಾಷ್ಟ್ರೀಯ ಪ್ರಯಾಣವಾದರೆ ಕೈಚೀಲದ ಪ್ರತಿ ಬಾಟಲಿ 100 ಮಿಲಿ ಒಳಗಿರಲಿ.

ಸನ್‌ಸ್ಕ್ರೀನ್ ಎರಡಕ್ಕೂ ಬೇಕು. ಕಿಟಕಿಯ ಗಾಜು ಮುಖ ಸುಡುವ ಕಿರಣವನ್ನು ಬಹುಪಾಲು ತಡೆಯುತ್ತದೆ, ಕಪ್ಪು ಕಲೆ ಹೆಚ್ಚಿಸುವ ಯುವಿಎ ಕಿರಣವನ್ನು ಅಷ್ಟಾಗಿ ತಡೆಯುವುದಿಲ್ಲ. ಮುಖ, ಕತ್ತಿಗೆ ಎರಡು ಬೆರಳಿನುದ್ದ ಹಚ್ಚಿ.

ಬೆಳಗ್ಗೆ ಕಣ್ಣಿನ ಕೆಳಗೆ ಊದಿದೆಯಾ? ಬಟ್ಟೆಯನ್ನು ತಣ್ಣೀರಿಗೆ ಅದ್ದಿ ಐದು ನಿಮಿಷ ಇಡಿ. ಎದ್ದು ಓಡಾಡಿದರೆ ಅದು ತಾನಾಗಿಯೇ ಇಳಿಯುತ್ತದೆ, ಅದಕ್ಕೆಂದು ಬೇರೆ ಕ್ರೀಮ್ ಬೇಡ. ಆದರೆ ಉರಿ, ಕೆಂಪು, ತುರಿಕೆ ಬಂದರೆ ಫೇಸ್‌ವಾಶ್ ನಿಲ್ಲಿಸಿ, ನೀರು ಮತ್ತು ಮಾಯಿಶ್ಚರೈಸರ್ ಮಾತ್ರ. ಕೆಲವು ದಿನಕ್ಕೂ ಇಳಿಯದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ.